ಜೋಡಿ ಮೊಲಕ್ಕೆ ಜೋಡಿ ಹೆಸರು

ಮೊಲಕ್ಕೆ ಒಂಟಿಯಾಗಿರುವುದು ಒಗ್ಗುವುದಿಲ್ಲ. ಅದಕ್ಕೇ ಸಾಕುವವರು ಸಾಮಾನ್ಯವಾಗಿ ಎರಡು ಮರಿ ತರುತ್ತಾರೆ. ತಂದ ಸಂಜೆಯೇ ಮನೆಯಲ್ಲಿ ಹೆಸರಿನ ಮಾತು ಶುರುವಾಗುತ್ತದೆ. ರಾಮ–ಸೀತೆ, ತುಂಗಾ–ಭದ್ರಾ, ಬೇವು–ಬೆಲ್ಲ ಎಂದು ಜೋಡಿಗಳು ತಾವಾಗಿಯೇ ಬಾಯಿಗೆ ಬರುತ್ತವೆ. ಕೇಳಲು ಚೆಂದವಿದ್ದರೂ ಇವು ಮೊಲಕ್ಕೆ ಅಷ್ಟಾಗಿ ಹೊಂದುವುದಿಲ್ಲ.

ಮೊದಲ ತೊಡಕು ಗಂಡು–ಹೆಣ್ಣಿನದು. ಆರೆಂಟು ವಾರದ ಮರಿಗಳಲ್ಲಿ ಯಾವುದು ಗಂಡು, ಯಾವುದು ಹೆಣ್ಣು ಎಂದು ಹೇಳುವಾಗ ಪಳಗಿದವರೂ ತಪ್ಪುತ್ತಾರೆ. ಗಂಡಿನ ಬೀಜ ಇಳಿದು ಕಣ್ಣಿಗೆ ಕಾಣುವುದು ಮೂರು ತಿಂಗಳ ಹೊತ್ತಿಗೆ. ಎರಡೂ ಹೆಣ್ಣೆಂದು ತಂದ ತುಂಗಾ–ಭದ್ರೆಯರಲ್ಲಿ ಒಂದು ಗಂಡಾಗಿದ್ದರೆ ಹೆಸರು ತಪ್ಪುವುದಷ್ಟೇ ಅಲ್ಲ, ಮರಿಗಳೂ ಆಗುತ್ತವೆ. ಮೊಲದ ಗರ್ಭ ಸುಮಾರು 31 ದಿನದ್ದು. ಉಳಿಸಿಕೊಂಡ ಮರಿಗೆ ಅದೇ ಸಾಲಿನ ಹೆಸರು ಹುಡುಕಲು ಹೋದರೆ, ಕೂಡಲಿಯಲ್ಲಿ ಸೇರುವುದು ಎರಡೇ ನದಿ, ಮೂರನೆಯದಿಲ್ಲ.

ಎರಡನೆಯ ತೊಡಕು ಸದ್ದಿನದು. ಮೊಲ ತನ್ನ ಹೆಸರಿನ ಸದ್ದನ್ನು ಕಲಿಯುತ್ತದೆ. ಹೆಸರು ಕರೆದ ಕೂಡಲೇ ಒಂದೆಸಳು ಕೊತ್ತಂಬರಿ ಕೊಡುತ್ತಾ ಬಂದರೆ ಕೆಲವು ವಾರಗಳಲ್ಲಿ ಕರೆದಾಗ ಕಿವಿ ತಿರುಗಿಸುತ್ತದೆ, ಓಡಿಯೂ ಬರುತ್ತದೆ. ಬೇವು, ಬೆಲ್ಲ ಎರಡೂ ಒಂದೇ ಅಕ್ಷರದ ಮೇಲೆ ಶುರುವಾಗುವುದರಿಂದ ಒಂದನ್ನು ಕರೆದರೆ ಎರಡೂ ತಲೆ ಎತ್ತುತ್ತವೆ. ಹೆಸರು ಗೊಂದಲವಾಗಿದೆ ಎಂದು ತಿಳಿಯುವುದು ಹೀಗೆಯೇ.

ಇವೆರಡನ್ನೂ ದಾಟುವ ಸಾಲು ನಮ್ಮ ಸಂಕ್ರಾಂತಿ ತಟ್ಟೆಯಲ್ಲಿದೆ. ಒಂದು ಕಂದು, ಒಂದು ಬಿಳಿ ಮರಿ ಎಂದಿಟ್ಟುಕೊಳ್ಳಿ. ಕಂದು ಮರಿ ಬೆಲ್ಲ, ಬಿಳಿಯದು ಕೊಬ್ಬರಿ. ಒಂದು ಎರಡಕ್ಷರದ್ದು, ಇನ್ನೊಂದು ಮೂರಕ್ಷರದ್ದು. ಕೂಗಿದರೆ ಬೇರೆಬೇರೆಯಾಗಿಯೇ ಕೇಳುತ್ತವೆ. ಗಂಡಾದರೂ ಹೆಣ್ಣಾದರೂ ಸಲ್ಲುತ್ತವೆ. ಮೂರನೆಯದು ಬಂದರೆ ಎಳ್ಳು, ಕಡಲೆ ಕಾದಿವೆ. ಜೋಡಿಯಲ್ಲಿ ಒಂದು ತೀರಿಕೊಂಡರೂ ಉಳಿದ ಹೆಸರು ಅರ್ಧವಾಯಿತು ಎನ್ನಿಸುವುದಿಲ್ಲ.

ಬಣ್ಣ ನೋಡಿ ಹೆಸರಿಡುವಾಗ ಒಂದು ಎಚ್ಚರ ಬೇಕು. ಕಪ್ಪು ಮೂಗು, ಕಪ್ಪು ಕಿವಿಯ ಹಿಮಾಲಯನ್ ಜಾತಿಯ ಬಿಳಿ ಮೊಲಗಳಲ್ಲಿ ಆ ಕಪ್ಪು ಮೈಯ ತಂಪಾದ ಭಾಗಗಳಲ್ಲಿ ಮೂಡುವಂಥದ್ದು. ಮರಿಯಲ್ಲಿ ಮಸುಕಾಗಿದ್ದು ಬೆಳೆಯುತ್ತಾ ಗಾಢವಾಗುತ್ತದೆ. ಅಂಥ ಮರಿಯನ್ನು ಕೊಬ್ಬರಿ ಎಂದು ಕರೆದರೆ ಕೆಲವೇ ತಿಂಗಳಲ್ಲಿ ಮೂಗು ಎಳ್ಳಿನ ಬಣ್ಣಕ್ಕೆ ತಿರುಗಬಹುದು. ಆದ್ದರಿಂದ ಮೊದಲ ವಾರದಲ್ಲೇ ಹೆಸರು ಗಟ್ಟಿಮಾಡದೆ, ಮರಿ ಮೂರು ತಿಂಗಳಾಗುವವರೆಗೆ ಕಾದು, ಪಶುವೈದ್ಯರಿಗೆ ತೋರಿಸಿ ಗಂಡೋ ಹೆಣ್ಣೋ ಖಚಿತಪಡಿಸಿಕೊಂಡರೆ ಒಳ್ಳೆಯದು.

ಮನೆಯ ಮಕ್ಕಳಿಗೆ ಇನ್ನೊಂದು ಮಾತು ಹೇಳಿಬಿಡಬೇಕು: ಬೆಲ್ಲ ಎಂಬ ಮೊಲಕ್ಕೆ ಬೆಲ್ಲ ತಿನ್ನಿಸಬಾರದು. ಸಿಹಿ ಅದರ ಕರುಳನ್ನು ಕೆಡಿಸುತ್ತದೆ. ತಟ್ಟೆಯಿಂದ ಹೆಸರು ಮಾತ್ರ ತೆಗೆದುಕೊಳ್ಳೋಣ, ತಿನ್ನಲು ಒಣಹುಲ್ಲನ್ನೇ ಹಾಕೋಣ.