ಬಾರದ ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕು?

ಆಳವಾದ ಬಾವಿಯೊಂದಕ್ಕೆ ಕಲ್ಲನ್ನು ಬಿಟ್ಟು, ಅದು ನೀರಿಗೆ ಬಿದ್ದ ಸದ್ದಿಗಾಗಿ ಕಿವಿಗೊಟ್ಟು ನಿಂತಿದ್ದೇವೆಂದು ಭಾವಿಸೋಣ. ಬಾವಿಯ ಆಳ 44 ಮೀಟರು ಎಂದು ತಿಳಿದಿದ್ದರೆ, ಕಲ್ಲು ಕೆಳಗೆ ಮುಟ್ಟಲು ಸುಮಾರು 3 ಸೆಕೆಂಡು, ಸದ್ದು ಮೇಲೇರಿ ಬರಲು ಅದರ ಮೇಲೆ ಅತ್ಯಲ್ಪ ಕಾಲ ಸಾಕೆಂಬುದನ್ನು ನಾವು ಲೆಕ್ಕ ಹಾಕಬಲ್ಲೆವು. ಹತ್ತು ಸೆಕೆಂಡು ಕಳೆದರೂ ಏನೂ ಕೇಳಿಸದಿದ್ದರೆ ಏನೋ ತಪ್ಪಿದೆಯೆಂದು ಅಲ್ಲಿಂದ ಹೊರಡುತ್ತೇವೆ. ಯಂತ್ರಕ್ಕಾದರೋ ಈ ವಿವೇಕ ತಾನಾಗಿ ಬಾರದು. ಎಷ್ಟು ಹೊತ್ತು ಕಾಯಬೇಕೆಂದು ಹೇಳದಿದ್ದರೆ ಅದು ಬಾವಿಯ ಕಟ್ಟೆಯ ಮೇಲೆ ವರ್ಷಗಟ್ಟಲೆ ನಿಂತೇ ಇರುತ್ತದೆ.

ಇದು ಕೇವಲ ಕಲ್ಪನೆಯ ಮಾತಲ್ಲ. ನಮ್ಮ ಪ್ರಯೋಗಶಾಲೆಯ ಪುಟ್ಟ ಕಂಪ್ಯೂಟರೊಂದು ಗಂಟೆಗೊಮ್ಮೆ ದೂರದ ಸರ್ವರಿನಿಂದ ಹವೆಯ ಅಂಕಿಗಳನ್ನು ತಂದು, ಪಡಸಾಲೆಯ ಫಲಕದಲ್ಲಿ ತೋರಿಸುತ್ತಿತ್ತು. ಲಿನಕ್ಸ್‌ನ `cron` ಎಂಬ ವ್ಯವಸ್ಥೆ ಪ್ರತಿ ಗಂಟೆಯ ಹತ್ತನೆಯ ನಿಮಿಷಕ್ಕೆ ಈ ಕೆಲಸವನ್ನು ಎಬ್ಬಿಸುತ್ತಿತ್ತು. ಹಿಂದಿನ ಕೆಲಸ ಮುಗಿಯದೆ ಹೊಸದು ಆರಂಭವಾಗಬಾರದೆಂದು `flock` ಎಂಬ ಬೀಗವನ್ನೂ ಹಾಕಿದ್ದೆವು. ಒಂದು ಸೋಮವಾರ ಬೆಳಿಗ್ಗೆ ನೋಡಿದರೆ ಫಲಕದಲ್ಲಿ ಶುಕ್ರವಾರ ಸಂಜೆಯ ಉಷ್ಣತೆಯೇ ನಿಂತಿತ್ತು. ಕಂಪ್ಯೂಟರು ಕೆಟ್ಟಿರಲಿಲ್ಲ, ದೋಷದ ಸಂದೇಶವೂ ಒಂದಿರಲಿಲ್ಲ. ಶುಕ್ರವಾರ ಹೊರಟ ಕೆಲಸವೊಂದು ಇನ್ನೂ ಉತ್ತರಕ್ಕಾಗಿ ಕಾಯುತ್ತಲೇ ಇತ್ತು. ಬೀಗ ಅದರ ಕೈಯಲ್ಲಿದ್ದುದರಿಂದ, ಆಮೇಲೆ ಗಂಟೆಗೊಂದರಂತೆ ಬಂದ ಕೆಲಸಗಳೆಲ್ಲ ಬಾಗಿಲು ಮುಚ್ಚಿದೆಯೆಂದು ಸದ್ದಿಲ್ಲದೆ ಹಿಂದಿರುಗಿದ್ದವು.

ಹೀಗಾಗಲು ಕಾರಣವೇನು? ಎರಡು ಕಂಪ್ಯೂಟರುಗಳ ನಡುವೆ ಟಿಸಿಪಿ ಸಂಪರ್ಕವಿದೆಯೆಂದರೆ, ಅವೆರಡರ ನಡುವೆ ತಂತಿಯೊಂದು ಬಿಗಿಯಾಗಿ ಕಟ್ಟಿದೆಯೆಂದು ಅರ್ಥವಲ್ಲ. ‘ನಾವಿಬ್ಬರೂ ಮಾತಿನಲ್ಲಿದ್ದೇವೆ’ ಎಂದು ಎರಡು ಕಡೆಯೂ ತಂತಮ್ಮ ನೆನಪಿನಲ್ಲಿ ಬರೆದಿಟ್ಟುಕೊಂಡಿರುವುದೇ ಆ ಸಂಪರ್ಕ. ಮಾತು ನಡೆಯದ ಹೊತ್ತಿನಲ್ಲಿ ದಾರಿಯಲ್ಲಿ ಏನೂ ಹರಿಯುವುದಿಲ್ಲ.

ಈಗ ನಮ್ಮ ಕಂಪ್ಯೂಟರು ಪ್ರಶ್ನೆಯನ್ನು ಕಳುಹಿಸಿತು. ‘ಪ್ರಶ್ನೆ ತಲಪಿತು’ ಎಂಬ ರಸೀತಿಯೂ ಬಂದಿತು. ಅಷ್ಟರಲ್ಲಿ ಸರ್ವರಿರುವಲ್ಲಿ ವಿದ್ಯುತ್ತು ಹೋಗಿಬಿಟ್ಟಿತೆನ್ನಿ. ಪ್ರಾಣ ಹೋದ ಯಂತ್ರ ‘ನಾನು ಹೊರಟೆ’ ಎಂದು ಹೇಳಿಹೋಗಲಾರದು. ಮತ್ತೆ ವಿದ್ಯುತ್ತು ಬಂದಾಗ ಅದಕ್ಕೆ ಹಳೆಯ ಮಾತಿನ ನೆನಪೇ ಇರುವುದಿಲ್ಲ. ನಮ್ಮ ಕಡೆಯವನು ಒಂದು ಅಕ್ಷರವನ್ನು ಕಳುಹಿಸಿದ್ದರೂ ‘ನೀನು ಯಾರು?’ ಎಂಬ ತಿರಸ್ಕಾರ ಬಂದು ನಿಜ ತಿಳಿಯುತ್ತಿತ್ತು. ಆದರೆ ಕಳುಹಿಸಬೇಕಾದುದನ್ನೆಲ್ಲ ಅವನು ಆಗಲೇ ಕಳುಹಿಸಿ, ರಸೀತಿಯನ್ನೂ ಪಡೆದಾಗಿದೆ. ಉಳಿದಿರುವುದು ಕೇಳುವ ಕೆಲಸವೊಂದೇ. ಕೇಳುವವನಿಗೆ, ನಿಧಾನವಾಗಿ ಉತ್ತರಿಸುವ ಸರ್ವರಿಗೂ ಸತ್ತುಹೋದ ಸರ್ವರಿಗೂ ವ್ಯತ್ಯಾಸವೇ ಕಾಣದು. ಎರಡೂ ಒಂದೇ ಬಗೆಯ ಮೌನ.

ಈ ಸ್ಥಿತಿಯನ್ನು ಗುರುತಿಸುವುದು ಸುಲಭ. `ps` ಆಜ್ಞೆಯಿಂದ ಆ ಕೆಲಸ ಮೂರು ದಿನಗಳಿಂದ ಜೀವಂತವಾಗಿದೆಯೆಂದು ತಿಳಿಯಿತು. `ss -tno` ಎಂದು ಕೇಳಿದಾಗ ಆ ಸಂಪರ್ಕದ ಮುಂದೆ `ESTAB`, ಅಂದರೆ ‘ಸ್ಥಾಪಿತ’ ಎಂದೇ ಇತ್ತು. ಅದರ ಮೇಲೆ ಯಾವ ಗಡಿಯಾರವೂ ಓಡುತ್ತಿರಲಿಲ್ಲ. `strace` ಹಚ್ಚಿ ನೋಡಿದರೆ `read(3,` ಎಂದು ಅರ್ಧಕ್ಕೆ ನಿಂತ ಒಂದೇ ಸಾಲು ಕಾಣಿಸಿತು.

‘ವ್ಯವಸ್ಥೆಯೇ ಇದಕ್ಕೊಂದು ಮಿತಿಯನ್ನು ಇಟ್ಟಿರುವುದಿಲ್ಲವೆ?’ ಎಂದು ವಾಚಕರು ಕೇಳಬಹುದು. ಸಂಪರ್ಕ ಕೂಡಿಸುವಾಗ ಇದೆ: ಅತ್ತಣಿಂದ ಉತ್ತರ ಬಾರದಿದ್ದರೆ ಲಿನಕ್ಸ್ ಹಲವು ಬಾರಿ ಕರೆದು, ಒಂದೆರಡು ನಿಮಿಷಗಳಲ್ಲಿ ಕೈಬಿಡುತ್ತದೆ. ಕೂಡಿದ ಮೇಲೆ ಸುಮ್ಮನೆ ಕೇಳುತ್ತಿರುವಾಗ ಮಾತ್ರ ಮಿತಿಯಿಲ್ಲ. ಆಗಾಗ ‘ಇದ್ದೀಯಾ?’ ಎಂದು ವಿಚಾರಿಸುವ ಕೀಪ್‌ಅಲೈವ್ ಎಂಬ ಏರ್ಪಾಡೊಂದುಂಟು. ಅದನ್ನು ಬೇಕೆಂದು ಕೇಳಿ ಪಡೆಯಬೇಕು. ಪಡೆದರೂ ಲಿನಕ್ಸ್‌ನ ವಾಡಿಕೆಯಂತೆ ಮೊದಲ ವಿಚಾರಣೆಗೆ 7200 ಸೆಕೆಂಡು, ಆಮೇಲೆ 75 ಸೆಕೆಂಡಿಗೊಂದರಂತೆ 9 ವಿಚಾರಣೆ. ಒಟ್ಟು 2 ಗಂಟೆ 11 ನಿಮಿಷ 15 ಸೆಕೆಂಡು ಕಳೆದ ಮೇಲೆಯೇ ತೀರ್ಪು. ಅಲ್ಲದೆ, ಸರ್ವರಿನ ಯಂತ್ರ ಬದುಕಿದ್ದು ಅದರೊಳಗಿನ ಕಾರ್ಯಕ್ರಮ ಮಾತ್ರ ಸಿಕ್ಕಿಹಾಕಿಕೊಂಡಿದ್ದರೆ, ಯಂತ್ರವು ‘ಇದ್ದೇನೆ’ ಎಂದೇ ಉತ್ತರಿಸುತ್ತಿರುತ್ತದೆ. ಆದುದರಿಂದ ಮಿತಿಯನ್ನು ನಾವೇ ಹಾಕಬೇಕು.

ನಮ್ಮ ಕಾರ್ಯಕ್ರಮವು ಪೈಥಾನ್ ಭಾಷೆಯಲ್ಲಿದ್ದು `requests` ಎಂಬ ಉಪಕರಣವನ್ನು ಬಳಸುತ್ತಿತ್ತು. ಕಾಲಮಿತಿಯನ್ನು ಹೇಳದಿದ್ದರೆ ಈ ಉಪಕರಣ ತಾನಾಗಿ ಯಾವ ಮಿತಿಯನ್ನೂ ಇಡುವುದಿಲ್ಲ. ಅದನ್ನು ಹೀಗೆ ತಿದ್ದಿದೆವು:

```
r = requests.get(url, timeout=(5, 20))
r.raise_for_status()
```

ಆವರಣದೊಳಗಿನ 5 ಎಂಬುದು ಸಂಪರ್ಕ ಕೂಡಿಸಲು ಕೊಟ್ಟ ಸೆಕೆಂಡುಗಳು. 20 ಎಂಬುದು ಉತ್ತರಕ್ಕೆ ಕೊಟ್ಟ ಕಾಲ. ಈ ಅಂಕಿಗಳನ್ನು ಬಾವಿಯ ಆಳದಂತೆ ಅಳತೆಯಿಂದಲೇ ನಿಶ್ಚಯಿಸಿದೆವು. ಸಾಮಾನ್ಯವಾಗಿ ಉತ್ತರವು 2 ಸೆಕೆಂಡಿಗೆ ಬರುತ್ತಿತ್ತು, ಸಂದಣಿಯ ಹೊತ್ತಿನಲ್ಲಿ 8 ಸೆಕೆಂಡು ಹಿಡಿದದ್ದೂ ಉಂಟು. ಮಿತಿಯನ್ನು 3ಕ್ಕೆ ಇಟ್ಟಿದ್ದರೆ ಸಾವಕಾಶವಾದರೂ ಸರಿಯಾಗಿ ಬರುವ ಉತ್ತರವನ್ನೇ ಕಡಿದುಹಾಕುತ್ತಿದ್ದೆವು.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಆ 20 ಸೆಕೆಂಡು ಇಡೀ ಉತ್ತರಕ್ಕೆ ಕೊಟ್ಟ ಗಡುವಲ್ಲ; ಒಂದು ತುಣುಕು ಬಂದ ಮೇಲೆ ಇನ್ನೊಂದು ಬರುವವರೆಗಿನ ಮೌನಕ್ಕೆ ಮಾತ್ರ ಕೊಟ್ಟ ಗಡುವು. ಪ್ರತಿ ತುಣುಕಿಗೂ ಗಡಿಯಾರ ಮತ್ತೆ ಸೊನ್ನೆಯಿಂದ ಓಡತೊಡಗುತ್ತದೆ. ಕೆಟ್ಟ ಸರ್ವರೊಂದು 15 ಸೆಕೆಂಡಿಗೆ ಒಂದು ಬೈಟಿನಂತೆ ತೊಟ್ಟಿಕ್ಕಿದರೆ ಮಿತಿ ಒಮ್ಮೆಯೂ ಮೀರುವುದಿಲ್ಲ. ಆದರೂ 6000 ಬೈಟುಗಳ ಉತ್ತರ ಮುಗಿಯಲು 90,000 ಸೆಕೆಂಡು, ಅಂದರೆ 25 ಗಂಟೆ ಬೇಕು. ಇದಲ್ಲದೆ, ಸರ್ವರಿನ ಹೆಸರಿನಿಂದ ಅದರ ವಿಳಾಸವನ್ನು ಹುಡುಕುವ ಕಾಲವು ಈ ಎರಡು ಅಂಕಿಗಳಲ್ಲಿ ಯಾವುದಕ್ಕೂ ಒಳಪಡುವುದಿಲ್ಲ.

ಆದಕಾರಣ ಇಡೀ ಕೆಲಸವನ್ನೇ ಹೊರಗಿನಿಂದ ಕಾಯುವ ಎರಡನೆಯ ಗಡಿಯಾರವೊಂದು ಅವಶ್ಯ. `cron` ಪಟ್ಟಿಯಲ್ಲಿ ನಾವು ಬರೆದ ಸಾಲು ಇದು:

```
10 * * * * flock -n /tmp/board.lock timeout -k 10 300 python3 /home/lab/refresh.py
```

`timeout` ಎಂಬ ಆಜ್ಞೆಯು 300 ಸೆಕೆಂಡು ಕಳೆದೊಡನೆ ಕೆಲಸವನ್ನು ನಿಲ್ಲಿಸಹೇಳುತ್ತದೆ. ಇನ್ನೂ 10 ಸೆಕೆಂಡಿನಲ್ಲಿ ನಿಲ್ಲದಿದ್ದರೆ ಬಲವಂತವಾಗಿ ಮುಗಿಸುತ್ತದೆ. ಕೆಲಸ ಮುಗಿದಾಗ ಬೀಗವೂ ಬಿಡುವುದರಿಂದ ಮುಂದಿನ ಗಂಟೆಯ ಕೆಲಸಕ್ಕೆ ಅಡ್ಡಿಯಿಲ್ಲ. ಐದು ನಿಮಿಷವೇ ಏಕೆಂದರೆ, ಒಳಗಿನ ಮಿತಿಗಳಂತೆ ಎರಡು ಮೂರು ಬಾರಿ ಯತ್ನಿಸಲು ಅದು ಧಾರಾಳ. ಒಂದು ಗಂಟೆಯ ಅವಧಿಗಿಂತ ಬಹಳ ಕಡಮೆ. ಹೊರಗಿನ ಗಡುವು ಒಳಗಿನದಕ್ಕಿಂತ ದೊಡ್ಡದಾಗಿಯೂ, ಸರದಿಯ ಅಂತರಕ್ಕಿಂತ ಚಿಕ್ಕದಾಗಿಯೂ ಇರಬೇಕೆಂಬುದೇ ನಿಯಮ.

ಕೆಲಸವನ್ನು ನಡುವೆ ಕಡಿಯುವವರು ಇನ್ನೊಂದನ್ನು ಮರೆಯಬಾರದು. ಅರ್ಧ ಬರೆದ ಕಡತ ಫಲಕಕ್ಕೆ ಹೋಗದಂತೆ, ಹೊಸ ಅಂಕಿಗಳನ್ನು ಮೊದಲು ಅದೇ ಕೋಶದ ಬೇರೊಂದು ಕಡತದಲ್ಲಿ ಬರೆದು, ಪೂರ್ಣವಾದ ಮೇಲೆ `os.replace` ಎಂಬುದರಿಂದ ಹಳೆಯದರ ಸ್ಥಾನಕ್ಕೆ ತರಬೇಕು. ಅಂಕಿಗಳನ್ನು ಓದಿ ತರುವ ಕೆಲಸವಾದರೆ ಮತ್ತೊಮ್ಮೆ ಯತ್ನಿಸಿದರೂ ಹಾನಿಯಿಲ್ಲ. ಹಣ ಕಳುಹಿಸುವಂತಹ ಕೆಲಸದಲ್ಲಿ ಹಾಗಲ್ಲ. ಗಡುವು ಮೀರಿತೆಂದರೆ ಉತ್ತರ ಬರಲಿಲ್ಲವೆಂದು ಮಾತ್ರ ಅರ್ಥ, ಅತ್ತ ಕೆಲಸ ನಡೆದಿಲ್ಲವೆಂದಲ್ಲ.

ಈ ತಿದ್ದುಪಡಿಯನ್ನು ಪರೀಕ್ಷಿಸಲು ಸರ್ವರು ಸಾಯುವವರೆಗೆ ಕಾಯಬೇಕಿಲ್ಲ. ನಮ್ಮದೇ ಇನ್ನೊಂದು ಕಂಪ್ಯೂಟರಿನಲ್ಲಿ `nc -l 8000` ಎಂದು ಕೊಟ್ಟರೆ, ಕರೆಯನ್ನು ಸ್ವೀಕರಿಸಿ ಏನನ್ನೂ ಹೇಳದ ಮೂಕ ಸರ್ವರೊಂದು ಸಿದ್ಧವಾಗುತ್ತದೆ. ಹಳೆಯ ಕಾರ್ಯಕ್ರಮವನ್ನು ಅತ್ತ ತಿರುಗಿಸಿದಾಗ ಅದು ಕಾಯುತ್ತಲೇ ಕುಳಿತಿತು. ಹೊಸದು 20 ಸೆಕೆಂಡಿಗೆ `ReadTimeout` ಎಂದು ಬರೆದು ಹೊರಬಂದಿತು. ಫಲಕದಲ್ಲಿ ಆ ಗಂಟೆಯ ಅಂಕಿ ತಪ್ಪಿತು, ನಿಜ. ಮುಂದಿನ ಗಂಟೆಯದು ತಪ್ಪಲಿಲ್ಲ.