ತಿಂಗಳ ಖರ್ಚಿಗೆ ಶೇರು ಹಣ: ಡಿವಿಡೆಂಡ್ ಕಾಯುವುದೋ, ಯೂನಿಟ್ ಮಾರುವುದೋ?

ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಅನೇಕ ಮನೆಗಳಲ್ಲಿ ಇಂದು ಒಂದೇ ಪ್ರಶ್ನೆ. ಹಲವು ವರ್ಷ ಗಲ್ಫ್‌ನಲ್ಲಿ ದುಡಿದು ಮರಳಿದವರ ಕೈಯಲ್ಲಿ ಒಂದಿಷ್ಟು ಗಂಟು ಇದೆ, ತಿಂಗಳ ಸಂಬಳ ಇಲ್ಲ. ಬಡ್ಡಿ ಬೇಡವಾದ್ದರಿಂದ ಬ್ಯಾಂಕ್ ಠೇವಣಿಯ ದಾರಿ ಮುಚ್ಚಿದೆ. ಶರೀಅತ್ ಮಾನದಂಡ ಪಾಲಿಸುವ ಶೇರು ಅಥವಾ ಮ್ಯೂಚುವಲ್ ಫಂಡ್‌ನಲ್ಲಿ ಹಣ ಹಾಕಿ ಅದರಿಂದ ಮನೆ ನಡೆಸಬಹುದೇ ಎಂದು ಅವರು ಕೇಳುತ್ತಾರೆ. ಹಾಗೆ ಕೇಳುವವರಲ್ಲಿ ಹೆಚ್ಚಿನವರು ಒಂದು ಮಾತು ಸೇರಿಸುತ್ತಾರೆ: "ಡಿವಿಡೆಂಡ್ ಕೊಡುವುದೇ ಬೇಕು. ಕಾಯಿ ತಿನ್ನೋಣ, ಮರ ಕಡಿಯುವುದು ಬೇಡ."

ಕರಾವಳಿಯವರಾದ ನಮಗೆ ಈ ಹೋಲಿಕೆ ಹಿಡಿಸುತ್ತದೆ. ಆದರೆ ಶೇರಿನ ವಿಷಯದಲ್ಲಿ ಅದು ಸರಿಹೊಂದುವುದಿಲ್ಲ. ಯಾಕೆಂದು ಮೊದಲು ನೋಡೋಣ.

ಕಂಪೆನಿ ಡಿವಿಡೆಂಡ್ ಕೊಡುವಾಗ ಆ ಹಣ ಕಂಪೆನಿಯ ಖಜಾನೆಯಿಂದಲೇ ಹೊರಗೆ ಹೋಗುತ್ತದೆ. ಹಾಗಾಗಿ ಡಿವಿಡೆಂಡ್ ಹಕ್ಕು ಕಳೆದ ದಿನ ಶೇರಿನ ಬೆಲೆ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಮ್ಯೂಚುವಲ್ ಫಂಡ್‌ನಲ್ಲಿ ಇದು ಇನ್ನೂ ನೇರ. 100 ರೂಪಾಯಿ ಬೆಲೆಯ ಯೂನಿಟ್‌ಗೆ 5 ರೂಪಾಯಿ ಡಿವಿಡೆಂಡ್ ಕೊಟ್ಟರೆ ಮರುದಿನದ ಲೆಕ್ಕ 95ರಿಂದ ಶುರು. ಕಾಯಿ ಕೊಯ್ದಾಗ ಮರವೂ ಅಷ್ಟೇ ಕುಳ್ಳಾದಂತೆ. ಈ ಗೊಂದಲ ತಪ್ಪಿಸಲೆಂದೇ ಸೆಬಿ 2021ರ ಏಪ್ರಿಲ್ 1ರಿಂದ ಫಂಡ್‌ಗಳ 'ಡಿವಿಡೆಂಡ್ ಆಯ್ಕೆ' ಎಂಬ ಹೆಸರನ್ನೇ ಬದಲಿಸಿತು. ಈಗ ಅರ್ಜಿಯಲ್ಲಿ ಕಾಣುವುದು 'ಐಡಿಸಿಡಬ್ಲ್ಯು', ಅಂದರೆ ಆದಾಯ ಹಂಚಿಕೆ ಮತ್ತು ಬಂಡವಾಳ ವಾಪಸಾತಿ. ನಿಮಗೆ ಬರುವ ಹಣದಲ್ಲಿ ನಿಮ್ಮದೇ ಮೂಲಧನವೂ ಸೇರಿರಬಹುದು ಎಂದು ಆ ಹೆಸರೇ ಹೇಳುತ್ತದೆ.

ಎರಡನೆಯ ತೊಡಕು, ಡಿವಿಡೆಂಡ್ ತಿಂಗಳ ಸಂಬಳದಂತೆ ಬರುವುದಿಲ್ಲ. ದೇಶದ ಗಟ್ಟಿ ಕಂಪೆನಿಗಳಲ್ಲಿ ಒಂದಾದ ಟಿಸಿಎಸ್ ಅನ್ನೇ ತೆಗೆದುಕೊಳ್ಳೋಣ. 2022-23ರ ಲೆಕ್ಕಕ್ಕೆ ಅದು ಪ್ರತಿ ಶೇರಿಗೆ ನಾಲ್ಕು ಕಂತಿನಲ್ಲಿ 8, 8, 75 ಮತ್ತು 24, ಒಟ್ಟು 115 ರೂಪಾಯಿ ಕೊಟ್ಟಿತು. ಮರುವರ್ಷ ಕೊಟ್ಟದ್ದು 9, 9, 27 ಮತ್ತು 28, ಒಟ್ಟು 73. ನೂರು ಶೇರು ಇಟ್ಟುಕೊಂಡ ಮನೆಗೆ ಒಂದು ವರ್ಷ 11,500 ರೂಪಾಯಿ, ಮರುವರ್ಷ 7,300. ಕಂಪೆನಿಗೆ ನಷ್ಟವೇನೂ ಆಗಿರಲಿಲ್ಲ, ವಿಶೇಷ ಡಿವಿಡೆಂಡ್ ಕಡಿಮೆಯಾಯಿತು ಅಷ್ಟೆ. ಆ ನೂರು ಶೇರಿಗೆ ಮೂರು ಲಕ್ಷಕ್ಕೂ ಹೆಚ್ಚು ಹಾಕಬೇಕಿತ್ತು ಎಂಬುದನ್ನೂ ನೆನಪಿಡಬೇಕು. ಎಷ್ಟು, ಯಾವಾಗ ಎಂಬುದು ಕಂಪೆನಿಯ ಆಡಳಿತ ಮಂಡಳಿಯ ತೀರ್ಮಾನ. ನಮ್ಮ ಮನೆಯ ರೇಷನ್ ಅದಕ್ಕೆ ಕಾಯುವುದಿಲ್ಲ.

ಇನ್ನೊಂದು ದಾರಿ 'ಗ್ರೋತ್' ಆಯ್ಕೆ. ಇಲ್ಲಿ ಫಂಡ್ ಏನನ್ನೂ ಹಂಚುವುದಿಲ್ಲ, ಲಾಭ ಒಳಗೇ ಬೆಳೆಯುತ್ತದೆ. ನಮಗೆ ಬೇಕಾದಷ್ಟು ಯೂನಿಟ್ ಪ್ರತಿ ತಿಂಗಳು ಮಾರಿ ಹಣವನ್ನು ಖಾತೆಗೆ ಹಾಕುವಂತೆ ಬರೆದುಕೊಡಬಹುದು. ಇದನ್ನು ಎಸ್‌ಡಬ್ಲ್ಯುಪಿ ಎನ್ನುತ್ತಾರೆ. ಟಾಟಾ ಎಥಿಕಲ್ ಫಂಡ್‌ನಂಥ ಶರೀಅತ್ ಮಾನದಂಡದ ಫಂಡ್‌ನಲ್ಲಿ ಎರಡೂ ಆಯ್ಕೆಗಳಿವೆ. ಎರಡರ ಒಳಗಿರುವ ಶೇರುಗಳು ಒಂದೇ, ಹಣ ಹೊರಬರುವ ಬಾಗಿಲು ಮಾತ್ರ ಬೇರೆ.

ಒಂದು ಮನೆಯ ಲೆಕ್ಕ ಹಾಕಿ ನೋಡೋಣ. ಕೈಯಲ್ಲಿ 22 ಲಕ್ಷ ಇದೆ. ಅಂಗಡಿ ಬಾಡಿಗೆ ಸ್ವಲ್ಪ ಬರುತ್ತದೆ, ಅದರ ಮೇಲೆ ತಿಂಗಳಿಗೆ 8,000 ಬೇಕು. 2 ಲಕ್ಷವನ್ನು ಬೇರೆ ಇಟ್ಟು, 20 ಲಕ್ಷಕ್ಕೆ 100 ರೂಪಾಯಿಯಂತೆ 20,000 ಯೂನಿಟ್ ಕೊಂಡರು. ಒಂದು ವರ್ಷ ಮುಟ್ಟದೆ ಬಿಟ್ಟರು, ಬೆಲೆ 110 ಆಯಿತು. ಈಗ 8,000ಕ್ಕೆ ಸುಮಾರು 73 ಯೂನಿಟ್ ಮಾರಿದರೆ ಸಾಕು. ಅದರಲ್ಲಿ ಲಾಭ ಸುಮಾರು 730 ರೂಪಾಯಿ, ಉಳಿದದ್ದು ಅವರು ಹಾಕಿದ ಹಣವೇ. ತೆರಿಗೆ ಲೆಕ್ಕಕ್ಕೆ ಬರುವುದು ಆ ಲಾಭ ಮಾತ್ರ. ವರ್ಷ ದಾಟಿದ ಯೂನಿಟ್‌ಗಳ ಲಾಭ ವರ್ಷಕ್ಕೆ 1.25 ಲಕ್ಷ ಮೀರಿದರಷ್ಟೇ, ಮೀರಿದ ಭಾಗಕ್ಕೆ ಶೇ. 12.5 ತೆರಿಗೆ. ವರ್ಷದೊಳಗೆ ಮಾರಿದರೆ ಲಾಭದ ಮೇಲೆ ಶೇ. 20.

ಅದೇ 8,000 ಡಿವಿಡೆಂಡ್ ಆಗಿ ಬಂದರೆ ಇಡೀ ಮೊತ್ತ ಆದಾಯವೇ. ಊರಲ್ಲೇ ನೆಲೆಸಿ, ಒಟ್ಟು ಆದಾಯ ಕಡಿಮೆ ಇರುವವರಿಗೆ ಕೊನೆಗೆ ತೆರಿಗೆ ಬೀಳಲಿಕ್ಕಿಲ್ಲ. ಆದರೂ ವರ್ಷಕ್ಕೆ 10,000 ದಾಟಿದರೆ ಶೇ. 10 ಮುರಿದುಕೊಂಡೇ ಕೊಡುತ್ತಾರೆ, ಅದನ್ನು ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬೇಕು. ಹೂಡಿಕೆ ಇನ್ನೂ ದುಬೈಯಲ್ಲೋ ಜಿದ್ದಾದಲ್ಲೋ ಇರುವ ಮಗನ ಹೆಸರಲ್ಲಿದ್ದರೆ ವ್ಯತ್ಯಾಸ ದೊಡ್ಡದು. ಅನಿವಾಸಿಗಳ ಡಿವಿಡೆಂಡ್ ಮೇಲೆ ಸಾಮಾನ್ಯವಾಗಿ ಶೇ. 20 ತೆರಿಗೆ ಮತ್ತು ಸೆಸ್ ಕಡಿತವಾಗುತ್ತದೆ. ವರ್ಷದ 96,000ದಲ್ಲಿ ಸುಮಾರು 20,000 ಅಲ್ಲೇ ಹೋಯಿತು.

ಹಾಗಾದರೆ ಗ್ರೋತ್ ದಾರಿಯಲ್ಲಿ ಅಪಾಯ ಇಲ್ಲವೇ? ಇದೆ, ಅದು ಮಾರುಕಟ್ಟೆ ಬಿದ್ದಾಗ ಎದುರಾಗುತ್ತದೆ. ಯೂನಿಟ್ ಬೆಲೆ 100 ಇದ್ದಾಗ 8,000ಕ್ಕೆ 80 ಯೂನಿಟ್ ಮಾರಿದರೆ ಸಾಕು. ಬೆಲೆ 70ಕ್ಕೆ ಇಳಿದರೆ 114 ಮಾರಬೇಕು. ವರ್ಷವಿಡೀ ಹಾಗೇ ನಡೆದರೆ 960ರ ಬದಲು ಸುಮಾರು 1,370 ಯೂನಿಟ್ ಕರಗುತ್ತವೆ. ಮುಂದೆ ಬೆಲೆ ಮತ್ತೆ 100 ಆದರೂ ಹೆಚ್ಚಿಗೆ ಹೋದ ಆ 410 ಯೂನಿಟ್, ಅಂದರೆ 41,000 ರೂಪಾಯಿ, ಮರಳಿ ಬರುವುದಿಲ್ಲ. ಬೇರೆ ಇಟ್ಟ 2 ಲಕ್ಷದ ಕೆಲಸ ಇಲ್ಲಿಯೇ. ಅದು ಎರಡು ವರ್ಷದ ಖರ್ಚು. ಮಾರುಕಟ್ಟೆ ಬಿದ್ದಾಗ ಎಸ್‌ಡಬ್ಲ್ಯುಪಿ ನಿಲ್ಲಿಸಿ ಅದರಿಂದ ಮನೆ ನಡೆಸಬೇಕು, ಬೆಲೆ ಚೇತರಿಸಿದ ಮೇಲೆ ಮತ್ತೆ ತುಂಬಿಸಿಡಬೇಕು. ಬಡ್ಡಿ ಬೇಡದವರು ಈ ಹಣವನ್ನು ಕರೆಂಟ್ ಖಾತೆಯಲ್ಲಿಡುತ್ತಾರೆ. ಅದು ಬೆಳೆಯುವುದಿಲ್ಲ ನಿಜ, ಆದರೆ ಬಿದ್ದ ಬೆಲೆಗೆ ಮಾರುವುದನ್ನು ತಪ್ಪಿಸುತ್ತದೆ.

ಇನ್ನೊಂದು ತಪ್ಪು, ಹೆಚ್ಚು ತೆಗೆಯುವುದು. ನಮ್ಮ ಲೆಕ್ಕದ ಮನೆ ವರ್ಷಕ್ಕೆ 20 ಲಕ್ಷದ ಶೇ. 4.8 ತೆಗೆಯುತ್ತದೆ. ಅದನ್ನೇ 15,000ಕ್ಕೆ ಏರಿಸಿದರೆ ಶೇ. 9 ಆಗುತ್ತದೆ. ಒಳ್ಳೆಯ ವರ್ಷಗಳಲ್ಲಿ ಇದು ಗೊತ್ತೇ ಆಗುವುದಿಲ್ಲ, ಎರಡು ಕೆಟ್ಟ ವರ್ಷ ಒಟ್ಟಿಗೆ ಬಂದರೆ ಗಂಟು ಬೇಗ ಕರಗುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆ ಫಂಡ್‌ನ ಸ್ಟೇಟ್‌ಮೆಂಟ್ ತೆಗೆದು, ಮುಂದಿನ ಹನ್ನೆರಡು ತಿಂಗಳಿಗೆ ತೆಗೆಯಲಿರುವ ಮೊತ್ತವನ್ನು ಅಂದಿನ ಒಟ್ಟು ಮೌಲ್ಯದೊಂದಿಗೆ ಹೋಲಿಸಿ. ಅದು ನೂರಕ್ಕೆ ಐದನ್ನು ದಾಟಿದ್ದರೆ ತಿಂಗಳ ಮೊತ್ತ ಇಳಿಸಿ.

ಡಿವಿಡೆಂಡ್‌ಗೂ ಜಾಗವಿಲ್ಲ ಎಂದಲ್ಲ. ಮಾರುಕಟ್ಟೆ ಬಿದ್ದಾಗ ಗಾಬರಿಯಾಗಿ ಎಲ್ಲವನ್ನೂ ಮಾರಿಬಿಡುವ ಸ್ವಭಾವದವರು, ಅಥವಾ ಬೇರೆ ಆದಾಯವಿದ್ದು ವರ್ಷಕ್ಕೆ ಒಂದೆರಡು ಬಾರಿ ಬಂದಷ್ಟು ಸಾಕೆನ್ನುವವರು ಅದನ್ನು ಆರಿಸಿಕೊಳ್ಳಬಹುದು. ತಿಂಗಳ ಖರ್ಚನ್ನು ಅದರ ಮೇಲೆ ನಿಲ್ಲಿಸುವುದು ಮಾತ್ರ ಬೇಡ.

ಕೊನೆಗೆ ನಮ್ಮ ಸಮುದಾಯ ಮರೆಯಬಾರದ ಒಂದು ಪಾಠ. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಕುಸಿದಾಗ ಸಾವಿರಾರು ಮುಸ್ಲಿಂ ಕುಟುಂಬಗಳ ಉಳಿತಾಯ ಸಿಕ್ಕಿಬಿತ್ತು. ಅಲ್ಲಿಯೂ ತಿಂಗಳು ತಿಂಗಳು 'ಲಾಭ' ಬರುತ್ತಿತ್ತು. ಹೊಸಬರು ಕಟ್ಟಿದ ಹಣವನ್ನೇ ಹಳಬರಿಗೆ ಹಂಚುತ್ತಿದ್ದರು ಎಂಬುದು ತನಿಖಾ ಸಂಸ್ಥೆಗಳ ಆರೋಪ. ಹಣ ತಪ್ಪದೆ ಬರುತ್ತಿದೆ ಎಂಬುದೇ ಅದು ಲಾಭ ಎನ್ನುವುದಕ್ಕೆ ಸಾಕ್ಷಿಯಲ್ಲ. ಡಿವಿಡೆಂಡ್ ಇರಲಿ, ಎಸ್‌ಡಬ್ಲ್ಯುಪಿ ಇರಲಿ, ಯಾರಾದರೂ ತರುವ ಹೊಸ ಯೋಜನೆ ಇರಲಿ, ಕೈಗೆ ಬಂದ ಹಣದ ಜೊತೆಗೆ ಹಿಂದೆ ಉಳಿದದ್ದೆಷ್ಟು ಎಂದೂ ಕೇಳಿ. ಆ ಲೆಕ್ಕ ತೋರಿಸದವರಿಗೆ ಹಣ ಕೊಡಬೇಡಿ.