ಹಪ್ಪಳದ ವಿಡಿಯೊ ಒಂದು, ಬರಹ ಎರಡು

ಹಲಸಿನ ಹಪ್ಪಳ ಮಾಡುವ 14 ನಿಮಿಷದ ವಿಡಿಯೊ ಇದೆ ಎಂದಿಟ್ಟುಕೊಳ್ಳಿ. ಪೂರ್ತಿ ವಿಡಿಯೊ ಯೂಟ್ಯೂಬಿಗೆ, ಅದರಿಂದ ಕತ್ತರಿಸಿದ 40 ಸೆಕೆಂಡಿನ ತುಣುಕು ಇನ್‌ಸ್ಟಾಗ್ರಾಮ್ ರೀಲ್ಸಿಗೆ. ಯೂಟ್ಯೂಬಿಗೆ ಬರೆದ ಶೀರ್ಷಿಕೆ, ವಿವರಣೆಯನ್ನೇ ರೀಲಿಗೂ ಕಾಪಿ ಮಾಡಿ ಅಂಟಿಸುವವರೇ ಹೆಚ್ಚು. ಆದರೆ ಯೂಟ್ಯೂಬಿನಲ್ಲಿ ಎಷ್ಟೋ ಜನ ಬೇಕಾದದ್ದನ್ನು ಹುಡುಕಿಕೊಂಡು ಬರುತ್ತಾರೆ. ರೀಲ್ ಮಾತ್ರ ಏನನ್ನೂ ಹುಡುಕದೆ ಬೆರಳಾಡಿಸುತ್ತಿರುವವರ ಮುಂದೆ ತಾನಾಗಿ ಬಂದು ನಿಲ್ಲುತ್ತದೆ.

ಯೂಟ್ಯೂಬಿನ ಶೀರ್ಷಿಕೆಗೆ 100 ಅಕ್ಷರಗಳ ಮಿತಿ ಇದೆ. ಫೋನಿನಲ್ಲಿ ಅಷ್ಟೂ ಕಾಣುವುದಿಲ್ಲವಾದ್ದರಿಂದ ಮುಖ್ಯ ಪದ ಮೊದಲು ಬರಬೇಕು: ‘ಹಲಸಿನ ಹಪ್ಪಳ: ಕಾಯಿ ಆರಿಸುವುದರಿಂದ ಕರಿಯುವವರೆಗೆ’. ನಮ್ಮಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಹುಡುಕುವವರು ಬಹಳ. ಅದಕ್ಕಾಗಿ halasina happala ಎಂಬುದನ್ನು ವಿವರಣೆಯ ಮೊದಲ ಎರಡು ಸಾಲಿನೊಳಗೆ ಒಂದು ಸಹಜ ವಾಕ್ಯದಲ್ಲಿ ಸೇರಿಸಿ. ಟ್ಯಾಗ್‌ಗಳ ಪಾತ್ರ ತೀರಾ ಕಡಿಮೆ ಎಂದು ಯೂಟ್ಯೂಬೇ ಹೇಳುತ್ತದೆ. ಆ ಸಮಯವನ್ನು ಅಧ್ಯಾಯಗಳಿಗೆ ಕೊಡುವುದು ಲೇಸು.

```
0:00 ಕಾಯಿ ಬಲಿತಿದೆಯೇ?
2:10 ತೊಳೆ ಬೇಯಿಸುವುದು
5:30 ರುಬ್ಬುವ ಹದ
8:45 ಒತ್ತಿ ಒಣಗಿಸುವುದು
12:20 ಕರಿಯುವುದು
```

ಪಟ್ಟಿ 0:00ರಿಂದಲೇ ಶುರುವಾಗಬೇಕು, ಕನಿಷ್ಠ ಮೂರು ಅಧ್ಯಾಯಗಳಿರಬೇಕು, ಒಂದೊಂದೂ 10 ಸೆಕೆಂಡಿಗೆ ಕಡಿಮೆ ಇರಬಾರದು. ಇಲ್ಲದಿದ್ದರೆ ವಿಡಿಯೊ ಅಧ್ಯಾಯಗಳಾಗಿ ಭಾಗವಾಗುವುದಿಲ್ಲ.

ಇದನ್ನೇ ರೀಲಿಗೆ ಅಂಟಿಸಿದರೆ ಆ ಸಮಯಗಳಿಗೆ ಅರ್ಥವೇ ಇರುವುದಿಲ್ಲ. ‘ಪೂರ್ತಿ ವಿಡಿಯೊ ಲಿಂಕ್ ಕೆಳಗಿದೆ’ ಎಂದು ಬರೆದರೂ ಕ್ಯಾಪ್ಷನ್ನಿನಲ್ಲಿರುವ ಲಿಂಕ್ ಒತ್ತಿದರೆ ತೆರೆಯುವುದಿಲ್ಲ. ರೀಲಿಗೆ ಇಡೀ ಹಪ್ಪಳದ ಕಥೆ ಬೇಡ, ಅಡುಗೆಮನೆಯ ಒಂದು ತೊಡಕು ಸಾಕು. ಹಣ್ಣಾಗಲು ಶುರುವಾದ ಕಾಯಿಯಲ್ಲಿ ಸಕ್ಕರೆ ಅಂಶ ಹೆಚ್ಚುವುದರಿಂದ ಹಪ್ಪಳ ಎಣ್ಣೆಗೆ ಬಿದ್ದ ಕೂಡಲೇ ಕೆಂಪಾಗುತ್ತದೆ. ತುಣುಕನ್ನು ಈ ವಿಷಯಕ್ಕೆ ಕತ್ತರಿಸಿ, ಕ್ಯಾಪ್ಷನ್ನಿನ ಮೊದಲ ಸಾಲಿಗೆ ‘ಹಪ್ಪಳ ಕರಿದಾಗ ಕೆಂಪಾಗುತ್ತಿದೆಯೇ? ಕಾಯಿ ನೋಡಿ’ ಎಂದು ಬರೆಯಿರಿ. ಉಳಿದದ್ದು ‘ಇನ್ನಷ್ಟು’ ಒತ್ತಿದವರಿಗೆ ಮಾತ್ರ ಕಾಣುತ್ತದೆ. ಪೂರ್ತಿ ವಿಧಾನಕ್ಕೆ ಚಾನೆಲಿನ ಹೆಸರನ್ನು ಮಾತಿನಲ್ಲೇ ಹೇಳಿದರಾಯಿತು. ಆ ರೀಲಿನ ಸಾಲನ್ನು ಯೂಟ್ಯೂಬಿನ ಶೀರ್ಷಿಕೆಯಾಗಿಸಬೇಡಿ. ಕೆಂಪಾಗುವುದಕ್ಕೆ ಉತ್ತರ ಬೇಕಾಗಿ ಬಂದವರು ಮೊದಲ ಅರ್ಧ ನಿಮಿಷದಲ್ಲಿ ಅದು ಸಿಗದಿದ್ದರೆ ಎದ್ದು ಹೋಗುತ್ತಾರೆ. ಸ್ಟುಡಿಯೋದ ಗ್ರಾಫ್ ಅಲ್ಲೇ ಕುಸಿಯುತ್ತದೆ.

ಯಾವ ಪದ ಹುಡುಕಿ ಜನ ಬಂದರೆಂಬ ಪಟ್ಟಿಯೂ ಸ್ಟುಡಿಯೋದಲ್ಲಿ ಸಿಗುತ್ತದೆ. ‘ಮಿಕ್ಸಿಯಲ್ಲಿ ಹಪ್ಪಳ’ ಎಂದು ಹುಡುಕಿದವರು ಹೆಚ್ಚಿದ್ದು, ವಿಡಿಯೊದಲ್ಲಿ ಮಿಕ್ಸಿ ಬಳಸಿದ್ದರೆ ಆ ಪದವನ್ನು ಶೀರ್ಷಿಕೆಗೆ ಸೇರಿಸಬಹುದು. ಯೂಟ್ಯೂಬಿನ ಶೀರ್ಷಿಕೆಯಂತೆ ರೀಲಿನ ಕ್ಯಾಪ್ಷನ್ನನ್ನೂ ಆಮೇಲೆ ತಿದ್ದಬಹುದು. ಆದರೆ ರೀಲಿನ ಪರದೆಯ ಮೇಲೆ ಕೂರಿಸಿದ ಅಕ್ಷರಗಳನ್ನು ಹಾಕಿದ ಮೇಲೆ ತಿದ್ದಲು ಬರುವುದಿಲ್ಲ. ಆದ್ದರಿಂದ ಆ ಸಾಲನ್ನೇ ಎಲ್ಲಕ್ಕಿಂತ ಮೊದಲು ಬರೆದುಕೊಳ್ಳಿ, ಕ್ಯಾಪ್ಷನ್ ಬಂದು ಮುಚ್ಚುವ ಪರದೆಯ ಕೆಳಭಾಗವನ್ನು ಬಿಟ್ಟು ಮೇಲೆ ಕೂರಿಸಿ.